ಒಂದು ಗೇಣು, ನಾಲ್ಕು ಬೆರಳು

ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ಜೊತೆಯವನಿಗೆ ಬಡ್ತಿ ಸಿಕ್ಕರೆ ಆಗುತ್ತದೆ, ಪಕ್ಕದ ಮನೆಯ ಬೇವಿನ ಗಿಡ ನಮ್ಮದಕ್ಕಿಂತ ಎತ್ತರ ಬೆಳೆದರೂ ಆಗುತ್ತದೆ. ಆದರೆ ಕಟ್ಟಿಕೊಂಡ ಹೆಂಡತಿಯ ಮೇಲೇ ಹೊಟ್ಟೆಕಿಚ್ಚು ಪಡುವ ದಿನ ಬಂದೀತು ಅಂತ ನಾನು ಅಂದುಕೊಂಡಿರಲಿಲ್ಲ. ಬಂತು. ಬಂದದ್ದು ಮೂರು ತಿಂಗಳು ಕೂತುಬಿಟ್ಟಿತು. ಅದಕ್ಕೆ ಕಾರಣ ವಾಡಿಯ ಒಂದು ಮೈಕು.

ನಾನು ಸೇಡಂನಲ್ಲಿ ಕನ್ನಡ ಕಲಿಸುವ ಹೈಸ್ಕೂಲ್ ಮಾಸ್ತರ. ಆದರೆ ಜನಕ್ಕೆ ನನ್ನ ಪರಿಚಯ ಇರುವುದು ಪಾಠದಿಂದಲ್ಲ, ನಿರೂಪಣೆಯಿಂದ. ಇಪ್ಪತ್ತೈದು ವರ್ಷದಿಂದ ಚಿಂಚೋಳಿಯಿಂದ ಶಹಾಬಾದ್‌ವರೆಗೆ ಎಲ್ಲಿ ವೇದಿಕೆ ಕಟ್ಟಿದರೂ ಒಂದು ಬದಿಗೆ ನಿಂತು "ಈಗ ಸ್ವಾಗತ ಭಾಷಣ" ಅನ್ನುವವನು ನಾನೇ. ಹಾರ ಯಾರಿಗೆ ಬೀಳುತ್ತದೋ ಬೀಳಲಿ, ಸಭೆಯಲ್ಲಿ ಮೊದಲು ಕೇಳುವುದು ನನ್ನ ದನಿ, ಕೊನೆಗೆ ಕೇಳುವುದೂ ನನ್ನ ದನಿ. ಇದರಿಂದ ನನಗೆ ಸೊಕ್ಕು ಇತ್ತು. ಈಗ ಒಪ್ಪಿಕೊಳ್ಳುವುದಕ್ಕೆ ನಾಚಿಕೆ ಇಲ್ಲ.

ನನ್ನ ಹೆಂಡತಿ ಪೋಸ್ಟ್ ಆಫೀಸಿನಲ್ಲಿ ಕೌಂಟರಿನ ಕೆಲಸ ಮಾಡುತ್ತಾಳೆ. ಅವಳ ಮಾತು ಸಣ್ಣದು. ಮನೆಯಲ್ಲಿ ಅಡುಗೆಮನೆಯಿಂದ ಏನಾದರೂ ಹೇಳಿದರೆ ನಡುಮನೆಗೆ ಬರುವಷ್ಟರಲ್ಲಿ ಅರ್ಧ ಉದುರಿರುತ್ತದೆ. ಕೌಂಟರಿನಲ್ಲಿ ಗಾಜು ಇದೆ, ಗಾಜಿನಲ್ಲಿ ಒಂದು ದುಂಡನೆಯ ತೂತು ಇದೆ. ಅವಳು ಆ ತೂತಿಗೆ ಬಾಯಿ ತಂದು ಮಾತಾಡಿದರೂ ಹೊರಗಿನವರು "ಜರಾ ಜೋರ್ ಹೇಳ್ರಿ ಬಾಯಿ" ಅನ್ನುತ್ತಾರೆ. ದಿನಕ್ಕೆ ನಲವತ್ತು ಸಲ ಆ ಮಾತು ಕೇಳಿ ಕೇಳಿ, ತನಗೆ ದನಿಯೇ ಇಲ್ಲ ಅಂತ ಅವಳು ತೀರ್ಮಾನ ಮಾಡಿಕೊಂಡಿದ್ದಳು. ನಾನೂ ಹಾಗೇ ತಿಳಿದಿದ್ದೆ. ಮನೆಗೆ ಒಂದು ದನಿ ಸಾಕಿತ್ತು.

ಕಳೆದ ವರ್ಷ ನಮ್ಮ ಕಡೆಯ ಒಂದು ಅಂಧ ಮಕ್ಕಳ ಶಾಲೆಯವರು ಹತ್ತನೆಯ ತರಗತಿಯ ಪಾಠಗಳನ್ನು ಓದಿ ರೆಕಾರ್ಡ್ ಮಾಡಿಕೊಡಬೇಕು ಅಂತ ಕೇಳಿದರು. ಸೇವೆಯ ಕೆಲಸ. ನನ್ನನ್ನಲ್ಲದೆ ಇನ್ನಾರನ್ನು ಕೇಳಿಯಾರು ಅಂತ ತಕ್ಷಣ ಒಪ್ಪಿಕೊಂಡೆ. ರೆಕಾರ್ಡಿಂಗ್ ವಾಡಿಯಲ್ಲಿ. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ದುಡಿದು ನಿವೃತ್ತರಾದ ಒಬ್ಬರು ಮನೆಯ ಹಿಂದಿನ ಕೋಣೆಗೆ ಗಾದಿ, ಕಂಬಳಿ ಹೊಡೆದು ಅದನ್ನು ರೆಕಾರ್ಡಿಂಗ್ ಕೋಣೆ ಮಾಡಿಕೊಂಡಿದ್ದರು. ಭಜನೆಯವರು, ತತ್ವಪದದವರು, ಪ್ರಚಾರದ ಗಾಡಿಯವರು, ಎಲ್ಲರೂ ಅಲ್ಲಿಗೇ ಹೋಗುತ್ತಾರೆ. ಎಲ್ಲರೂ ಅವರನ್ನು ಚಾಚಾ ಅನ್ನುತ್ತಾರೆ.

ವಾಡಿಯಲ್ಲಿ ರೆಕಾರ್ಡಿಂಗ್ ಕೋಣೆ ಮಾಡುವುದು ಅಂದರೆ ಸಂತೆಯಲ್ಲಿ ಕೂತು ಪಾರಾಯಣ ಮಾಡಿದ ಹಾಗೆ. ಅದು ರೈಲ್ವೆ ಜಂಕ್ಷನ್, ಕಾಲುಗಂಟೆಗೊಂದು ಗಾಡಿ. ಚಾಚಾ ಅದಕ್ಕೆ ಉಪಾಯ ಮಾಡಿದ್ದರು. ಅವರ ಮೈಕು ಎಲ್ಲ ಕಡೆಯ ಸದ್ದನ್ನೂ ಒಂದೇ ಸಮ ಹಿಡಿಯುವುದಲ್ಲ. ಮುಂದಿನದನ್ನು ಹಿಡಿಯುತ್ತದೆ, ಹಿಂದಿನದನ್ನು ಆದಷ್ಟು ಬಿಡುತ್ತದೆ. ಅದರ ಬೆನ್ನನ್ನು ರೈಲು ಹಳಿಯ ಕಡೆಗೆ, ಮುಖವನ್ನು ನಮ್ಮ ಕಡೆಗೆ ಮಾಡಿ ಸ್ಟ್ಯಾಂಡಿಗೆ ಸಿಕ್ಕಿಸಿದ್ದರು. ಉಗುಳು ಮತ್ತು ಗಾಳಿ ತಾಗದಿರಲಿ ಅಂತ ಅದರ ಮುಂದೆ ಬಟ್ಟೆ ಬಿಗಿದ ಒಂದು ಬಳೆಯೂ ಇತ್ತು.

ಮೊದಲ ಭಾನುವಾರ ಹೆಂಡತಿಯೂ ಬಂದಿದ್ದಳು. ಅವಳ ತಮ್ಮನ ಮನೆ ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿದೆ, ನನ್ನನ್ನು ಬಿಟ್ಟು ಅಲ್ಲಿಗೆ ಹೋಗುವವಳಿದ್ದಳು. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತು, ಮೈಕಿಗೂ ಬಾಯಿಗೂ ಒಂದು ಗೇಣು ಅಳೆದು, ಓದುವುದಕ್ಕೆ ಶುರು ಮಾಡಿದೆ.

"ಸರ, ಜರಾ ಹತ್ರ ಬರ್ರಿ" ಅಂದರು ಚಾಚಾ.

"ಚಾಚಾ, ಇಪ್ಪತ್ತೈದು ವರ್ಷ ಆತು ಮೈಕ್ ಮುಂದ ನಿಂತು" ಅಂದೆ.

ಒಂದು ಗೇಣು ಅನ್ನುವುದು ನನಗೆ ಶಹಾಬಾದಿನ ಒಬ್ಬ ಮೈಕ್ ಸೆಟ್ಟಿನವರು ಕಲಿಸಿದ ನಿಯಮ. ಹೊಸದಾಗಿ ವೇದಿಕೆ ಹತ್ತಿದಾಗ ನಾನು ಮೈಕನ್ನು ತುಟಿಗೆ ಒತ್ತಿಕೊಂಡು "ಭ" ಅಂದರೆ ಸ್ಪೀಕರಿನಲ್ಲಿ ಪಟಾಕಿ ಹಾರಿದಂತಾಗುತ್ತಿತ್ತು. ಅವರು ಬಂದು ನನ್ನ ಕೈಹಿಡಿದು ಹಿಂದಕ್ಕೆ ಎಳೆದು, "ತಿನ್ನಬ್ಯಾಡ್ರಿ ಸರ, ಐಸ್‌ಕ್ರೀಮ್ ಅಲ್ಲ ಅದು" ಅಂದಿದ್ದರು. ಅಂದಿನಿಂದ ಆ ಗೇಣನ್ನು ನಾನು ಬಿಟ್ಟಿಲ್ಲ. ಮೈಕು ನುಂಗುವ ಹೊಸ ನಿರೂಪಕರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಆ ದಿನದ ಪಾಠದಲ್ಲಿ ಒಬ್ಬ ತಾಯಿಯ ಮಾತು ಅರ್ಧ ಪುಟ ಬರುತ್ತದೆ. ಚಾಚಾ ಹೆಂಡತಿಯ ಕಡೆ ನೋಡಿ, "ಅಕ್ಕೋರ, ಇಷ್ಟು ನೀವೇ ಓದಿಬಿಡ್ರಿ. ಹೆಣ್ಣಮಕ್ಕಳ ಮಾತು ಸರ ಓದಿದ್ರ ಹುಡುಗರು ನಗ್ತಾವು" ಅಂದರು. ಅವಳು ಒಲ್ಲೆ ಅಂದಳು, ಆಮೇಲೆ ನನ್ನ ಮುಖ ನೋಡಿದಳು. ನಾನು ದೊಡ್ಡ ಮನಸ್ಸು ಮಾಡಿ "ಓದು, ಏನಾಗಂಗಿಲ್ಲ" ಅಂದೆ. ಅವಳು ಕುರ್ಚಿ ಎಳೆದುಕೊಂಡು, ಕೌಂಟರಿನ ಗಾಜಿನ ತೂತಿಗೆ ಬಾಗುವ ಹಾಗೇ ಬಾಗಿ, ಮೂಗು ಆ ಬಟ್ಟೆಯ ಬಳೆಗೆ ತಾಗುವಷ್ಟು ಹತ್ತಿರ ಹೋಗಿ, ಪಕ್ಕದಲ್ಲಿ ಮಲಗಿದವರಿಗೆ ಹೇಳುವಷ್ಟು ಮೆತ್ತಗೆ ಓದಿದಳು.

ಚಾಚಾ ಎರಡನ್ನೂ ದೊಡ್ಡ ಸ್ಪೀಕರಿನಲ್ಲಿ ಹಾಕಿದರು. ಮೊದಲು ನಾನು. ಉಚ್ಚಾರ ಸ್ಪಷ್ಟ, ಅಲ್ಪಪ್ರಾಣ ಮಹಾಪ್ರಾಣ ಎಲ್ಲ ಸರಿ. ಆದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಯಾರೋ ಯಾರಿಗೋ ಹೇಳುತ್ತಿದ್ದಂತಿತ್ತು. ಆಮೇಲೆ ಅವಳು. ನಾನು ಎದ್ದು ನಿಂತುಬಿಟ್ಟೆ. ತುಂಬಿದ, ಆಳದ, ಬೆಚ್ಚನೆಯ ದನಿ. ಎದೆಯ ಒಳಗಿಂದ ಬಂದದ್ದು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ನಾನು ಆ ದನಿಯನ್ನು ಕೇಳಿಯೇ ಇರಲಿಲ್ಲ.

"ವ್ಹಾ" ಅಂದರು ಚಾಚಾ, ಅಷ್ಟೇ.

ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. "ಇದು ನಾನೇನ್ರೀ?" ಅಂತ ನನ್ನನ್ನು ಕೇಳಿದಳು. ಕಣ್ಣಲ್ಲಿ ನೀರಿತ್ತು. ನಾನು "ಹೂಂ, ಚಲೋ ಬಂದದ" ಅಂದೆ. ಅಷ್ಟು ಹೇಳುವುದಕ್ಕೆ ನನಗೆ ಎಷ್ಟು ಕಷ್ಟವಾಯಿತು ಅಂತ ಅವಳಿಗೆ ಗೊತ್ತಿಲ್ಲ.

ಬುಧವಾರ ಶಾಲೆಯಿಂದ ಫೋನು ಬಂತು. ಅಲ್ಲಿ ಸಂಗೀತ ಕಲಿಸುವ ಒಬ್ಬ ಟೀಚರ್ ಇದ್ದಾರೆ, ಅವರಿಗೂ ಕಣ್ಣಿಲ್ಲ. ರೆಕಾರ್ಡ್ ಆದದ್ದನ್ನು ಕೇಳಿ ಪಾಸು ಮಾಡುವವರು ಅವರೇ. ಭಾಳ ಸಂಭಾವಿತ ಮಾತು. "ಸರ, ನೀವು ತಪ್ಪು ತಿಳೀಬ್ಯಾಡ್ರಿ. ಪಾಠ ಪೂರ್ತಿ ಅಕ್ಕೋರೇ ಓದಲಿ. ಪಾಠದ ಹೆಸರು, ಪುಟ ಸಂಖ್ಯೆ ನೀವು ಹೇಳ್ರಿ. ನಿಮ್ಮದು ಹೇಳೋ ದನಿ, ಅವರದು ಓದೋ ದನಿ" ಅಂದರು.

ಪುಟ ಸಂಖ್ಯೆ. ಮಂತ್ರಿಗಳನ್ನು ವೇದಿಕೆಗೆ ಕರೆದ ಬಾಯಿ ಇದು. ಈಗ "ಪುಟ ಸಂಖ್ಯೆ ಹದಿನೇಳು" ಅಂತ ಹೇಳಿ ಸುಮ್ಮನೆ ಕೂಡಬೇಕು, ಮುಂದಿನ ಪುಟ ಬರುವವರೆಗೆ ಅವಳು ಓದುವುದನ್ನು ಕೇಳಬೇಕು.

ಕೂತೆ, ಕೇಳಿದೆ. ಭಾನುವಾರಕ್ಕೊಮ್ಮೆ ಸೇಡಂನಲ್ಲಿ ಗಾಡಿ ಹತ್ತಿ, ಚಿತ್ತಾಪುರ ದಾಟಿ, ವಾಡಿಯಲ್ಲಿ ಇಳಿದು, ಹೆಂಡತಿಯ ಹಿಂದೆ ಆ ಕೋಣೆಗೆ ಹೋಗುತ್ತಿದ್ದೆ. ಮೊದಲೆಲ್ಲ ಅವಳು ನನ್ನ ಹಿಂದೆ ನಡೆಯುತ್ತಿದ್ದಳು. ಈಗ ಅವಸರ ಅವಳಿಗೇ ಹೆಚ್ಚು. ವಾರವಿಡೀ ಪಾಠವನ್ನು ಮನೆಯಲ್ಲಿ ಓದಿಕೊಳ್ಳುತ್ತಿದ್ದಳು, ತಿಳಿಯದ ಶಬ್ದಗಳ ಅರ್ಥವನ್ನು ನನ್ನನ್ನೇ ಕೇಳುತ್ತಿದ್ದಳು. ನಾನು ಕೆಲವಕ್ಕೆ ಬೇಕಂತಲೇ ತಡವಾಗಿ ಉತ್ತರ ಕೊಡುತ್ತಿದ್ದೆ. ಒಂದು ದಿನ ರೊಟ್ಟಿ ತಟ್ಟುತ್ತಾ, "ನಂಗ ದನಿ ಅದ ಅಂತ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ ನೋಡ್ರಿ" ಅಂದಳು. ನಗುತ್ತಿದ್ದಳು. ನಾನು ರೊಟ್ಟಿ ದಪ್ಪ ಆಯಿತು ಅಂದೆ.

ಅವಳ ದನಿಯನ್ನು ನಾನು ಕಳ್ಳನ ಹಾಗೆ ಪರೀಕ್ಷೆ ಮಾಡತೊಡಗಿದೆ. ಅಡುಗೆಮನೆಯಲ್ಲಿ ಅದೇ ಸಣ್ಣ ದನಿ. ಫೋನಿನಲ್ಲಿ ತಮ್ಮನ ಜೊತೆ ಮಾತಾಡುವಾಗಲೂ ಅದೇ. ಹಾಗಾದರೆ ಆ ದೊಡ್ಡ ದನಿಯನ್ನು ಎಲ್ಲಿ ಬಚ್ಚಿಟ್ಟಿದ್ದಾಳೆ? ಚಿತ್ತಾಪುರದ ನನ್ನ ಅಕ್ಕ ಬಂದಾಗ ಅವಳ ಒಂದು ಪಾಠವನ್ನು ಮೊಬೈಲಿನಲ್ಲಿ ಕೇಳಿಸಿದೆ. ಅಕ್ಕ "ಇದೇನ್ ದೊಡ್ಡದು, ದಿನಾ ಮಾತಾಡೂ ಹಂಗೇ ಅದಲ್ಲ" ಅಂದಳು. ನನಗೆ ಖುಷಿಯಾಯಿತು, ಆಶ್ಚರ್ಯವೂ ಆಯಿತು. ಖರೇ, ಮೊಬೈಲಿನ ಚಿಕ್ಕ ಸ್ಪೀಕರಿನಲ್ಲಿ ಅದು ಅವಳ ದಿನದ ದನಿಯೇ. ಕಿವಿಗೆ ಹೆಡ್‌ಫೋನ್ ಹಾಕಿದರೆ ಮಾತ್ರ ಆ ಆಳ ಬರುತ್ತಿತ್ತು. ಚಿಕ್ಕ ಸ್ಪೀಕರಿಗೆ ದಪ್ಪ ಸ್ವರ ಹೊರಡಿಸುವ ತಾಕತ್ತಿಲ್ಲ, ಅದು ಗೊತ್ತಿತ್ತು. ಹಾಗಾದರೆ ಅವಳ ದೊಡ್ಡಸ್ತಿಕೆ ಎಲ್ಲ ಆ ದಪ್ಪ ಸ್ವರದಲ್ಲೇ ಇದೆ, ಅದನ್ನು ಚಾಚಾ ಕಂಪ್ಯೂಟರಿನಲ್ಲಿ ಏರಿಸಿ ಕೊಡುತ್ತಿದ್ದಾರೆ ಅಂತ ನನಗೆ ಗುಮಾನಿ ಬಂತು.

ಮುಂದಿನ ಭಾನುವಾರ ಅವಳು ತಮ್ಮನ ಮನೆಗೆ ಊಟಕ್ಕೆ ಹೋದಾಗ ನಾನು ಹಿಂದೆ ಉಳಿದೆ. "ಚಾಚಾ, ಖರೇ ಹೇಳ್ರಿ. ಆಕಿ ಆವಾಜಿಗೆ ನೀವು ಏನರೆ ಹಾಕಾಕತ್ತೀರೇನು?"

ಚಾಚಾ ನಕ್ಕರು. "ಉಪ್ಪು ಹಾಕಾಕತ್ತೀನಿ. ಕುಂದ್ರಿ, ತೋರಿಸ್ತೀನಿ."

ನನ್ನನ್ನು ಮೈಕಿನ ಮುಂದೆ ಕೂಡಿಸಿ, ಗೋಡೆಯ ಕ್ಯಾಲೆಂಡರಿನ ತಿಂಗಳುಗಳನ್ನು ಓದುತ್ತಾ ಮೆಲ್ಲಗೆ ಮುಂದಕ್ಕೆ ಬರಲು ಹೇಳಿದರು. ಒಂದು ಗೇಣಿನಲ್ಲಿ ಜನವರಿ ಶುರುವಾಯಿತು, ಎರಡು ಬೆರಳಿಗೆ ಬಂದಾಗ ಡಿಸೆಂಬರ್. ಹೆಡ್‌ಫೋನಿನಲ್ಲಿ ಕೇಳಿದರೆ ಜನವರಿಯಲ್ಲಿ ನಾನು, ಡಿಸೆಂಬರಿನಲ್ಲಿ ಯಾವನೋ ಗಂಡುಗಲಿ. ಜೋರು ಮಾಡಿದ್ದಲ್ಲ. ಹತ್ತಿರ ಬಂದಂತೆ ಚಾಚಾ ವಾಲ್ಯೂಮ್ ಮಟ್ಟವನ್ನು ಇಳಿಸುತ್ತಲೇ ಹೋಗಿದ್ದರು. ದನಿಯ ತಳ ಮಾತ್ರ ಉಬ್ಬುತ್ತಾ ಬಂದಿತ್ತು.

ಆಮೇಲೆ ಅವರು ಕೆಟ್ಟುಹೋದ ಒಂದು ಹಳೆಯ ಮೈಕಿನ ಮೇಲಿನ ತಂತಿಯ ಜಾಳಿಗೆ ಬಿಚ್ಚಿ ಕೈಗಿಟ್ಟರು. ಒಳಗೆ ರೂಪಾಯಿ ಬಿಲ್ಲೆಯಷ್ಟು ಅಗಲದ ತೆಳ್ಳನೆಯ ಪರದೆ.

"ಆವಾಜು ಮುಂದಿಂದ ಬಂದು ಈ ಪರದೆ ದಬ್ಬತದ. ಇಲ್ಲಿ ನೋಡ್ರಿ, ಪರದೆ ಹಿಂದ ಸಂದಿ ಬಿಟ್ಟಾರ. ಅದೇ ಆವಾಜು ಸುತ್ತಿ ಬಂದು ಇಲ್ಲಿಂದ ಒಳಗ ಹೋಗಿ ಹಿಂದಿಂದನೂ ದಬ್ಬತದ. ಎರಡರ ಫರಕ್ ಎಷ್ಟೋ ಅಷ್ಟೇ ಪರದೆ ಅಳ್ಳಾಡ್ತದ. ಹಿಂದಿಂದ ಬರೋ ಗಾಡಿ ಸಪ್ಪಳ ಎರಡೂ ಕಡೆ ಒಮ್ಮೆಲೆ ಮುಟ್ಟೂ ಹಂಗ ಒಳಗ ತಡಿ ಇಟ್ಟಾರ. ಎರಡೂ ಕಡಿಂದ ಬರಾಬರ್ ದಬ್ಬಿದ್ರ ಪರದೆ ಯಾಕ ಅಳ್ಳಾಡ್ತದ? ಅದಕ್ಕ ಗಾಡಿ ಕಮ್ಮಿ ಕೇಳಸ್ತದ."

"ಅದು ತಿಳೀತು. ದನಿ ದಪ್ಪ ಆಗೂದು ಯಾಕ?"

"ಹೇಳ್ತೀನಿ. ನೀವು ದೂರ ಕುಂತ್ರಿ ಅಂದ್ರ ಮುಂದ ಮುಟ್ಟೋ ಆವಾಜಿನ ಜೋರು, ಹಿಂದ ಮುಟ್ಟೋ ಜೋರು ಒಂದೇ. ಹಿಂದಿಂದು ಜರಾ ತಡಾ ಬರ್ತದ, ಅಷ್ಟೇ ಫರಕ್. ಚೂಪು ಆವಾಜು ಗಡಬಡ ಗಡಬಡ ನಡಗತದ, ಅದಕ್ಕ ಅಷ್ಟು ತಡಾ ಅಂದ್ರ ಭಾಳ ಆತು. ದಪ್ಪ ಆವಾಜು ಸಾವಕಾಶ ನಡಗತದ. ಅದಕ್ಕ ಅಷ್ಟು ತಡಾ ಲೆಕ್ಕಕ್ಕೇ ಇಲ್ಲ. ಹಿಂದ ಮುಂದ ಹೊಂದಿಕೊಂಡು ಸತ್ತೇ ಹೋಗ್ತದ."

"ಹಂಗಾದ್ರ ದಪ್ಪ ಆವಾಜು ಬರಲೇಬಾರದು."

"ಅದಕ್ಕೇ ಮೈಕ್ ಮಾಡೋರು ದಪ್ಪ ಆವಾಜಿಗೆ ಮೊದಲೇ ಜಾಸ್ತಿ ಬಲ ಕೊಟ್ಟಿರ್ತಾರ. ದೂರಿಂದ ಮಾತಾಡಿದ್ರ ಎಲ್ಲಾ ಸಮ ಬರಲಿ ಅಂತ. ಈಗ ಹತ್ರ ಬರ್ರಿ. ಹಿಂದಿನ ಸಂದಿ ಪರದೆಗಿಂತ ಒಂದು ಬೆರಳು ದೂರ ಅದ ಅಂತ ತಿಳೀರಿ. ಒಂದು ಗೇಣಿನ ಮ್ಯಾಲ ಒಂದು ಬೆರಳು ಹೆಚ್ಚಾದ್ರ ಏನೂ ಅನಸಂಗಿಲ್ಲ. ಎರಡು ಬೆರಳಿನ ಮ್ಯಾಲ ಒಂದು ಬೆರಳು ಹೆಚ್ಚಾದ್ರ?"

"ಅರ್ಧದಷ್ಟು ಹೆಚ್ಚಾತು."

"ಹಾಂ. ಮುಂದ ಎರಡು ಬೆರಳು, ಹಿಂದ ಮೂರು ಬೆರಳು. ಬಾಯಿ ಹತ್ರ ಒಂದೊಂದು ಬೆರಳಿಗೂ ಜೋರು ಇಳೀತದ. ಮುಂದ ಜೋರು ಮುಟ್ಟತದ, ಹಿಂದ ಕಮ್ಮಿ. ಈ ಹೊಸಾ ಫರಕ್ ಚೂಪಿಗೂ ಬರ್ತದ, ದಪ್ಪಕ್ಕೂ ಬರ್ತದ. ಚೂಪಿಗೆ ಮೊದಲೇ ಫರಕ್ ಇತ್ತು, ಗೊತ್ತಾಗಂಗಿಲ್ಲ. ದಪ್ಪಕ್ಕ ಇದ್ದಿದ್ದೇ ಇಲ್ಲ, ಈಗ ಬಂತು. ಮ್ಯಾಲ ಆ ಮೊದಲ ಕೊಟ್ಟ ಬಲ ಅದ. ಉಬ್ಬಿ ಬರ್ತದ. ಹಿಂದ ಸಂದಿ ಇಲ್ಲದ ಮೈಕ್ ಇದ್ರ ಹತ್ರ ಬಂದ್ರೂ ಹಿಂಗಾಗಂಗಿಲ್ಲ." ಅವರು ಜಾಳಿಗೆಯನ್ನು ತಿರುಗಿ ಹಾಕಿದರು. "ಅಕ್ಕೋರ ಆವಾಜು ಮೊದಲೇ ಮೆತ್ತಗದ. ಹತ್ರ ಬಂದು ಮೆತ್ತಗ ಓದ್ತಾರ. ಅದಕ್ಕ ತುಂಬಿ ಕೇಳಸ್ತದ. ನಿಮಗೂ ಮೊದಲ ದಿನಾನೇ ಹತ್ರ ಬರ್ರಿ ಅಂದಿದ್ದೆ."

ನಿಜ, ಅಂದಿದ್ದರು. ನನ್ನ ಎದೆಯಿಂದ ಒಂದು ಕಲ್ಲು ಇಳಿಯಿತು. ಅವಳ ದನಿ ದೊಡ್ಡದಲ್ಲ, ಎಲ್ಲ ಎರಡು ಬೆರಳಿನ ಆಟ. ಅಷ್ಟೇ. ಮನೆಗೆ ಬರುವಾಗ ಗಾಡಿಯಲ್ಲಿ ಇದನ್ನು ಅವಳಿಗೆ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದ್ದರೆ ಅವಳು "ಹಂಗಾದ್ರ ನೀವೂ ಹತ್ರ ಬಂದು ಓದ್ರಿ" ಅನ್ನುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು. ನನಗೆ ಅದು ಮುಗಿಯುವುದು ಬೇಕಿರಲಿಲ್ಲ. ನನಗೆ ಗೆಲ್ಲಬೇಕಿತ್ತು.

ಮರುವಾರ ಚಾಚಾ ಒಂದು ಮದುವೆಯ ಸೌಂಡಿಗೆ ಶಹಾಬಾದಿಗೆ ಹೋಗಿದ್ದರು. ಕೋಣೆಯ ಕೀಲಿ ಮನೆಯಲ್ಲಿ ಕೊಟ್ಟು, "ಸರ, ನೀವೇ ಒತ್ತಿಕೊಂಡು ಮುಗಿಸಿಬಿಡ್ರಿ" ಅಂದಿದ್ದರು. ನನಗೆ ಅಷ್ಟು ಗುಂಡಿ ಒತ್ತುವುದು ಬರುತ್ತಿತ್ತು. ಪರೀಕ್ಷೆ ಹತ್ತಿರ ಬಂತು ಅಂತ ಶಾಲೆಯವರೂ ಅವಸರ ಮಾಡುತ್ತಿದ್ದರು.

ಹೆಂಡತಿ ಎಂದಿನಂತೆ ಬಾಗಿ ಕೂತಳು. ನಾನು ಅವಳ ಕುರ್ಚಿಯ ಬೆನ್ನು ಹಿಡಿದು ಹಿಂದಕ್ಕೆ ಎಳೆದೆ.

"ಮೈಕಿಗೆ ಅಷ್ಟು ಹತ್ರ ಕುಂದರಬಾರದು. ಒಂದು ಗೇಣು ಬಿಡಬೇಕು. ಅದು ನಿಯಮ."

"ಚಾಚಾ ಏನೂ ಅಂದಿರಲಿಲ್ಲಲ್ಲ?"

"ಅವರು ಭಿಡೇಕ ಅಂದಿರಲಿಲ್ಲ. ನನಗ ಗೊತ್ತದ."

ಅವಳು ನೆಟ್ಟಗೆ ಕೂತಳು. ಮೈಕಿನ ವಿಷಯದಲ್ಲಿ ನನಗಿಂತ ತಿಳಿದವರಿಲ್ಲ ಅಂತ ಅವಳು ಇಪ್ಪತ್ತೆರಡು ವರ್ಷದಿಂದ ನಂಬಿದ್ದಳು. ನಾನು ಸುಳ್ಳು ಹೇಳಿರಲಿಲ್ಲ, ಅದೇ ದೊಡ್ಡ ದ್ರೋಹ. ನಿಯಮ ನಿಯಮವೇ. ಆ ಕೋಣೆಗೆ, ಆ ದನಿಗೆ ಅದು ಸಲ್ಲುವುದಿಲ್ಲ ಅಂತ ನನಗೆ ಗೊತ್ತಿತ್ತು.

ಆ ದಿನ ಮೂರು ಪಾಠ ಓದಿದಳು. ದೂರದಿಂದ ಸಣ್ಣ ದನಿ ಸಾಲದೆ ನಾನು ಮಟ್ಟವನ್ನು ಏರಿಸಬೇಕಾಯಿತು. ಏರಿಸಿದ ಕೂಡಲೇ ಫ್ಯಾನಿನ ಸದ್ದು, ಕೋಣೆಯ ಗುಂಯ್, ಗೂಡ್ಸ್ ಗಾಡಿಯ ಗಡಗಡ, ಎಲ್ಲವೂ ಮೇಲೆದ್ದವು. ಅವಳು ಮುಗಿಸಿ ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. ಮೊದಲು ಹುಬ್ಬು ಗಂಟಿಕ್ಕಿದಳು, ಆಮೇಲೆ ಮುಖ ಇಳಿಯಿತು.

"ಇದು ಆ ದನಿ ಅಲ್ಲರೀ."

"ದನಿ ಒಂದೊಂದು ದಿನ ಹಂಗಾಗ್ತದ" ಅಂದೆ. "ಥಂಡಿ ಹಿಡದಿರಬೇಕು."

ಅವಳು ಹೊಸ ಸೊಸೆಯ ಹಾಗೆ ತಲೆ ತಗ್ಗಿಸಿ ಹೊರಗೆ ಹೋಗಿ ಕೂತಳು. ಆಗ ನಾನು ಇನ್ನೊಂದು ಕೆಲಸ ಮಾಡಿದೆ. ಉಳಿದಿದ್ದ ಒಂದು ಪಾಠವನ್ನು ನಾನೇ ಓದಿದೆ. ಬಟ್ಟೆಯ ಬಳೆ ಅಡ್ಡ ಬರುತ್ತದೆ ಅಂತ ಸರಿಸಿ, ತುಟಿಯನ್ನು ಜಾಳಿಗೆಗೆ ತಾಗಿಸಿ ಓದಿದೆ. ಹೆಡ್‌ಫೋನಿನಲ್ಲಿ ನನ್ನ ದನಿ ನಗಾರಿಯ ಹಾಗೆ ಬರುತ್ತಿತ್ತು. ಅಷ್ಟು ಸುಖ ನನಗೆ ಯಾವ ವೇದಿಕೆಯಲ್ಲೂ ಸಿಕ್ಕಿರಲಿಲ್ಲ. ನಾಲ್ಕನ್ನೂ ನಾನೇ ಶಾಲೆಗೆ ಕಳಿಸಿಬಿಟ್ಟೆ.

ಆ ವಾರ ಮನೆ ಹೇಗಿತ್ತು ಅಂತ ಬರೆಯುವುದು ಕಷ್ಟ. ಅವಳು ಬೆಳಿಗ್ಗೆ ಎದ್ದು ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸುತ್ತಿದ್ದಳು. ಸೆರಗಿನ ತುದಿಯಲ್ಲಿ ಲವಂಗ ಕಟ್ಟಿಕೊಂಡು ಪೋಸ್ಟ್ ಆಫೀಸಿಗೆ ಹೋಗುತ್ತಿದ್ದಳು. ಕೌಂಟರಿನಲ್ಲಿ ಮಾತಾಡಿದರೆ ಗಂಟಲು ಇನ್ನೂ ಕೆಟ್ಟೀತು ಅಂತ ಚೀಟಿಯಲ್ಲಿ ಬರೆದು ತೋರಿಸುತ್ತಿದ್ದಳಂತೆ. ಮನೆಯಲ್ಲಿ ಬೆರಳಿಗೆಲ್ಲ ವಾಸನೆ ಹತ್ತುವ ಹಾಗೆ ಲವಂಗ ಜಜ್ಜುತ್ತಿದ್ದಳು, ಜೇನುತುಪ್ಪದಲ್ಲಿ ಕಲಸಿ ನೆಕ್ಕುತ್ತಿದ್ದಳು. ನಾನು ಪೇಪರು ಓದುತ್ತಾ ಕೂತು ನೋಡುತ್ತಿದ್ದೆ. ಶುಕ್ರವಾರ ಅವಳೇ ಹೇಳಿದಳು, "ಬಂದಿದ್ದು ಹೋತು ಬಿಡ್ರಿ. ನಾ ಇನ್ನ ಬರಂಗಿಲ್ಲ. ನೀವೇ ಓದ್ರಿ."

ನನಗೆ ಬೇಕಾದದ್ದು ಇದೇ ಅಲ್ಲವೇ. ಗೆದ್ದಿದ್ದೆ. ಆದರೂ ಅವತ್ತು ಊಟ ಸೇರಲಿಲ್ಲ.

ಶನಿವಾರ ಮಧ್ಯಾಹ್ನ ಶಾಲೆಯ ಟೀಚರ್ ಫೋನು ಮಾಡಿದರು. ಹೆಂಡತಿ ಎದುರಿಗೇ ಅಕ್ಕಿ ಆರಿಸುತ್ತಿದ್ದಳು. ನನ್ನ ಪಾಠವನ್ನು ಅವಳ ಮುಂದೆ ಹೊಗಳಲಿ ಅಂತ ನಾನೇ ಸ್ಪೀಕರ್ ಹಾಕಿದೆ. ಇಷ್ಟು ಬರೆದ ಮೇಲೆ ಇದನ್ನು ಬಚ್ಚಿಟ್ಟರೆ ಏನು ಬಂತು.

"ಸರ, ಒಂದು ಮಾತು ಕೇಳೂದಿತ್ತು" ಅಂದರು ಟೀಚರ್. "ಇಷ್ಟು ದಿನ ಅಕ್ಕೋರು ನಮ್ಮ ಬಾಜೂಕ ಕುಂತು ಓದಾಕತ್ತಿದ್ರು. ಈ ಸಲ ಅವರನ್ನ ಯಾರು ಎಬ್ಬಿಸಿ ದೂರ ಕುಂದ್ರಿಸಿದ್ರು?"

ಅಕ್ಕಿ ಆರಿಸುವ ಕೈ ನಿಂತಿತು.

"ಆಕಿ ಗಂಟಲಾ..." ಅಂದೆ ನಾನು.

"ಗಂಟಲಾ ಚಲೋ ಅದರೀ. ನಾ ಕೇಳೀನಲ್ಲ, ಉಸಿರು ಅದೇ ಅದ, ಅಕ್ಷರ ಅದೇ ಅವ. ಕುರ್ಚಿ ಒಂದೇ ಹಿಂದ ಹೋಗ್ಯದ. ಹುಡುಗಿಯರು ಕೇಳಾಕತ್ತಾರ, ಅಕ್ಕೋರಿಗೆ ನಮ್ಮ ಮ್ಯಾಲ ಸಿಟ್ಟು ಬಂದದೇನು ಅಂತ." ಆಮೇಲೆ ಸ್ವಲ್ಪ ಸಂಕೋಚದಿಂದ, "ನಿಮ್ಮದೂ ಒಂದು ಪಾಠ ಬಂದದ. ಕೊಡದಾಗ ಬಾಯಿ ಇಟ್ಟು ಓದಿದಂಗ ಅದ, ಶಬ್ದ ತಿಳಿಯವಲ್ಲವು. ಅದೊಂದು ಬಿಡ್ರಿ" ಅಂದರು.

ಫೋನು ಇಟ್ಟೆ. ಹೆಂಡತಿ ನನ್ನನ್ನು ನೋಡುತ್ತಿದ್ದಳು.  ಕೊನೆಗೆ ಎಲ್ಲವನ್ನೂ ಹೇಳಿದೆ. ಪರದೆ, ಸಂದಿ, ಎರಡು ಬೆರಳು, ಮೂರು ಬೆರಳು, ಚಾಚಾ ತೋರಿಸಿದ್ದು, ನಾನು ಮುಚ್ಚಿಟ್ಟದ್ದು, ಕುರ್ಚಿ ಎಳೆದದ್ದು. ಹೊಟ್ಟೆಕಿಚ್ಚು ಅನ್ನುವ ಶಬ್ದವನ್ನೂ ಹೇಳಿದೆ.

ಅವಳು ಬೈಯಲಿಲ್ಲ. ಬೈದಿದ್ದರೆ ನಾನು ಎದುರು ಮಾತಾಡಿ ಹಗುರಾಗುತ್ತಿದ್ದೆ. ಮೊರವನ್ನು ಬದಿಗಿಟ್ಟು, "ವಾರ ಪೂರ್ತಿ ನಾ ಲವಂಗ ತಿಂದೆ. ನೀವು ನೋಡ್ಕೋತ ಕುಂತಿದ್ರಿ" ಅಂದಳು. ಮತ್ತೆ ಅಕ್ಕಿಗೆ ಕೈ ಹಾಕಿದಳು.

ಮರುದಿನ ನಾನು ಕರೆಯಲಿಲ್ಲ, ಕರೆಯುವ ಮುಖ ಇರಲಿಲ್ಲ. ಅವಳೇ ಚೀಲ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಚಿತ್ತಾಪುರ ದಾಟುವವರೆಗೆ ಕಿಟಕಿಯ ಹೊರಗೆ ನೋಡುತ್ತಿದ್ದವಳು, "ಹಂಗಾದ್ರ ಆ ದನಿ ನಂದಲ್ಲ, ಮೈಕಿಂದು?" ಅಂತ ಕೇಳಿದಳು. ವಾರದ ಹಿಂದೆ ಆಗಿದ್ದರೆ ಹೌದು ಅನ್ನುತ್ತಿದ್ದೆ. "ನಾನೂ ಹತ್ರ ಹೋಗಿ ಓದೀನಲ್ಲ" ಅಂದೆ. "ನಂಗ ಬರಲಿಲ್ಲ." ಅದು ಸತ್ಯವಾಗಿತ್ತು, ಹೇಳಿದ ಮೇಲೂ ಹೊಟ್ಟೆ ಉರಿಯುತ್ತಿತ್ತು.

ಚಾಚಾನಿಗೂ ಹೇಳಬೇಕಾಯಿತು. ಅವರು ಆ ಮೂರು ಪಾಠಗಳನ್ನು ಹಾಕಿ ಕೇಳಿ, ಕಂಪ್ಯೂಟರಿನಲ್ಲಿ ದಪ್ಪ ಸ್ವರ ಏರಿಸಿ ನೋಡಿದರು. ಅವಳ ದನಿಯ ಜೊತೆ ಗೂಡ್ಸ್ ಗಾಡಿಯೂ ಕೋಣೆಯೊಳಗೆ ಬಂತು. "ಆಗಂಗಿಲ್ಲ, ತಿರುಗಿ ಓದಬೇಕು" ಅಂದರು. ನನ್ನ ಕಡೆ ನೋಡಲಿಲ್ಲ. ಅವಳು ಮೂರನ್ನೂ ತಿರುಗಿ ಓದಿದಳು. ಕುರ್ಚಿಯನ್ನು ತಾನೇ ಎಳೆದುಕೊಂಡು ಕೂತಳು. ನಾನು ಪುಟ ಸಂಖ್ಯೆ ಹೇಳಿದೆ.

ಉಳಿದದ್ದು ನಾನು ಕೆಡಿಸಿದ ಆ ಒಂದು ಪಾಠ. ಅವಳೇ ಓದುತ್ತಾಳೆ ಅಂದುಕೊಂಡು ನಾನು ಎದ್ದೆ. ಅವಳು ಕುರ್ಚಿ ಬಿಟ್ಟುಕೊಟ್ಟಳು. "ಇದು ನಿಮ್ಮದು. ಓದ್ರಿ."

ಕೂತೆ. ಅಭ್ಯಾಸಬಲದಿಂದ ಗೇಣು ಅಳೆಯಲು ಕೈ ಎತ್ತಿದೆ. ಅವಳು ನನ್ನ ಕೈಯನ್ನು ಕೆಳಗಿಳಿಸಿದಳು. ಬಟ್ಟೆಯ ಬಳೆಯನ್ನು ನನ್ನ ಬಾಯಿಯ ಮಟ್ಟಕ್ಕೆ ತಂದು, ತನ್ನ ನಾಲ್ಕು ಬೆರಳುಗಳನ್ನು ಜೋಡಿಸಿ ಮೈಕಿಗೂ ನನ್ನ ಬಾಯಿಗೂ ನಡುವೆ ಅಡ್ಡ ಹಿಡಿದಳು. ನಾನು ಮುಂದಕ್ಕೆ ಬಾಗಿದೆ. ತುಟಿ ಅವಳ ಬೆರಳಿಗೆ ತಾಗಿತು.

"ಇಲ್ಲೇ ಇರ್ರಿ" ಅಂದಳು. "ಒದರಬ್ಯಾಡ್ರಿ."

ಅವಳು ಕೈ ತೆಗೆದ ಮೇಲೂ ನಾನು ಕದಲಲಿಲ್ಲ. ಚಾಚಾ ಗುಂಡಿ ಒತ್ತಿದರು. ಅವಳ ಬೆರಳಿದ್ದ ಜಾಗದಲ್ಲಿ ಇನ್ನೂ ಲವಂಗದ ವಾಸನೆ ಇತ್ತು.